ಬಾದಾಮಿ ಮಾವು ಹುಲ್ಲಿನಲ್ಲಿ ಅಡೆ ಹಾಕಿದ್ದು: ನನ್ನ ಅನುಭವ

ಮೇ ತಿಂಗಳ ಸೆಕೆಯಲ್ಲಿ ಹುಲ್ಲಿನೊಳಗೆ ಮಾವು ಅಡೆ ಹಾಕಿದರೆ ಅರ್ಧ ಕೊಳೆಯುತ್ತದೆ, ಉಳಿದರ್ಧ ಬಾಡುತ್ತದೆ ಎಂದವರೇ ಹೆಚ್ಚು. ಮೊದಲ ಎರಡು ವರ್ಷ ಅವರ ಮಾತೇ ಗೆದ್ದಿತು. 20 ಕೆಜಿ ಬಾದಾಮಿ, ಅಂದರೆ ಹೆಚ್ಚುಕಡಿಮೆ 80 ಕಾಯಿ. ಅದರಲ್ಲಿ ಮೂವತ್ತರಷ್ಟು ತಿಪ್ಪೆಗೆ ಹೋದವು. ಈ ಸಲ ಅಷ್ಟೇ ಕಾಯಿಗೆ ಕೊಳೆತದ್ದು ನಾಲ್ಕೋ ಐದೋ. ಹುಲ್ಲು ಅದೇ, ಕೋಣೆ ಅದೇ. ಬದಲಾದದ್ದು ಕಾಯಿ ಆರಿಸುವ ರೀತಿ ಮತ್ತು ಅಡೆಯ ದಪ್ಪ.

ಮೊದಲು ಕಾಯಿ. ತೊಟ್ಟಿನ ಎರಡೂ ಪಕ್ಕ ಹೆಗಲು ಉಬ್ಬಿ, ತೊಟ್ಟು ಗುಳಿಯಲ್ಲಿ ಕೂತಂತಿದ್ದರೆ ಬಲಿತಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಣ್ಣಂದಾಜಿನಲ್ಲಿ ಹತ್ತಕ್ಕೆ ಎರಡು ತಪ್ಪುತ್ತವೆ. ಅದಕ್ಕೇ ಈಗ ಬಕೆಟ್ ನೀರಿಗೆ ಹಾಕಿಯೇ ನೋಡುವುದು. ತೇಲಿದ್ದು ಎಳೆಯದು, ನೇರ ಉಪ್ಪಿನಕಾಯಿಗೆ. ಮುಳುಗಿದ್ದನ್ನು ಲೀಟರಿಗೆ 25 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಇನ್ನೊಮ್ಮೆ ನೋಡಬೇಕು. ಅದರಲ್ಲೂ ಮುಳುಗಿದವು ಪೂರಾ ಬಲಿತವು, ತೇಲಿದವು ಎರಡು ಮೂರು ದಿನ ಹಿಂದೆ ಬೀಳುವವು. ಇವೆರಡನ್ನೂ ಬೇರೆ ಬೇರೆ ಅಡೆ ಹಾಕಿದ್ದರಿಂದಲೇ ಅರ್ಧ ನಷ್ಟ ತಪ್ಪಿತು. ಮೊದಲು ಹಣ್ಣಾದದ್ದು ಎಥಿಲೀನ್ ಎಂಬ ಮಾಗಿಸುವ ಅನಿಲ ಬಿಟ್ಟು ಪಕ್ಕದ್ದನ್ನೂ ಎಳೆದುಕೊಂಡು ಹೋಗುತ್ತದೆ; ಎಳೆಯದು ಮಾಗದೆಯೇ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ನೋಡಿ ಮುಗಿದ ಮೇಲೆ ಕಾಯನ್ನು ಸಿಹಿನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಂದು ರಾತ್ರಿ ಆರಿಸಬೇಕು. ತೊಟ್ಟಿನ ಗುಳಿಯಲ್ಲಿ ಒಂದು ಹನಿ ನಿಂತಿದ್ದರೂ ಕೊಳೆ ಅಲ್ಲಿಂದಲೇ ಶುರು.

ಉದುರಿದ ಕಾಯಿ ಅಗ್ಗಕ್ಕೆ ಸಿಗುತ್ತದೆಂದು ತಂದದ್ದು ಮೊದಲ ವರ್ಷದ ದೊಡ್ಡ ತಪ್ಪು. ಹೊರಗೆ ಗಾಯ ಕಾಣುವುದಿಲ್ಲ, ನಾಲ್ಕನೇ ದಿನ ಪೆಟ್ಟು ಬಿದ್ದ ಜಾಗ ಕಪ್ಪಾಗುತ್ತದೆ. ಕೈಯಿಂದಲೋ ಬಲೆ ಕಟ್ಟಿದ ಕೊಕ್ಕೆಯಿಂದಲೋ ಕಿತ್ತು, ಒಂದು ಸೆಂಟಿಮೀಟರಿನಷ್ಟು ತೊಟ್ಟು ಉಳಿಸಿದ್ದೇ ಬೇಕು. ತೊಟ್ಟು ಬುಡಕ್ಕೇ ಮುರಿದರೆ ಸೊನೆ ಸಿಪ್ಪೆಯ ಮೇಲೆ ಹರಿದು ಸುಟ್ಟ ಕಲೆ ಮಾಡುತ್ತದೆ.

ಇನ್ನು ಅಡೆ. ಎರಡನೇ ವರ್ಷ ಗೋಣಿಚೀಲದಲ್ಲಿ ನಾಲ್ಕು ಪದರ ತುಂಬಿ ಬಾಯಿ ಕಟ್ಟಿದ್ದೆ. ಐದನೇ ದಿನ ಬಿಚ್ಚಿದರೆ ಹುಳಿ ಬಂದ ಹಿಟ್ಟಿನ ವಾಸನೆ, ಸಿಪ್ಪೆ ಹಸಿರು, ಒಳಗೆ ತಿರುಳು ಮೆತ್ತಗೆ. ಥರ್ಮಾಮೀಟರ್ ಚುಚ್ಚಿ ನೋಡಿದಾಗ ಕೋಣೆಯಲ್ಲಿ 33–34 ಡಿಗ್ರಿ, ಚೀಲದ ನಡುವೆ 38ರ ಮೇಲೆ. ಕಾಯಿ ಉಸಿರಾಡಿ ತನ್ನ ಬಿಸಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ, ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೇ ನಿಂತು ಮಾಗುವುದನ್ನು ತಡೆಯುತ್ತದೆ. ಮಾವು ಚೆನ್ನಾಗಿ ಮಾಗುವುದು 20ರಿಂದ 25 ಡಿಗ್ರಿಯಲ್ಲಿ. 30 ದಾಟಿದರೆ ಬಣ್ಣ ಹಿಂದೆ ಬೀಳುತ್ತದೆ, ತಿರುಳು ಮುಂದೆ ಓಡುತ್ತದೆ.

ಹಾಗಾಗಿ ಈಗ ಎರಡೇ ಪದರ. ಉತ್ತರದ ಗೋಡೆಯ ಕತ್ತಲೆ ಕೋಣೆಯ ನೆಲದ ಮೇಲೆ ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು, ಅದರ ಮೇಲೆ ತೊಟ್ಟು ಕೆಳಗಾಗಿ ಒಂದಕ್ಕೊಂದು ತಗುಲದಂತೆ ಕಾಯಿ, ನಡುವೆ ಎರಡು ಬೆರಳು ಹುಲ್ಲು, ಮತ್ತೊಂದು ಪದರ, ಮೇಲೆ ಸಡಿಲವಾಗಿ ಹುಲ್ಲು. ಗೋಣಿತಾಟು ಹೊದಿಸುವುದು ಮೊದಲ ಎರಡು ದಿನ ಮಾತ್ರ. ಹುಲ್ಲು ಮುರಿದರೆ ಪಟಪಟ ಅನ್ನಬೇಕು. ಮುದುರಿದರೂ ಮುರಿಯದೆ ಮೆತ್ತಗೆ ಬಾಗುವ ಹುಲ್ಲಿನಲ್ಲಿ ತೇವವಿದೆ, ಬೂಸ್ಟು ಬರುತ್ತದೆ. ಮೂರನೇ ದಿನದಿಂದ ದಿನಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಮೆತ್ತಗಾದದ್ದನ್ನು ತೆಗೆಯುತ್ತೇನೆ. ಬಾದಾಮಿಗೆ ಏಳೆಂಟು ದಿನ ಸಾಕು, ರಸಪುರಿಗೆ ಒಂದೆರಡು ದಿನ ಕಮ್ಮಿ, ತೋತಾಪುರಿಗೆ ಇನ್ನೂ ಹೆಚ್ಚು. ಹುಲ್ಲಿನ ನಡುವೆ ಒಂದು ಸೊಪ್ಪನ್ನೂ ಹರಡುತ್ತೇನೆ. ಅದರ ಹೆಸರನ್ನು ಇನ್ನೊಂದು ವರ್ಷ ನೋಡಿ ಹೇಳುತ್ತೇನೆ, ಸದ್ಯಕ್ಕೆ ಬೇಡ.

ಅಂಗಡಿ ಹಣ್ಣಿನ ವಿಚಾರಕ್ಕೆ ಬಂದರೆ, ನೀರಿನಲ್ಲಿ ಮುಳುಗಿದರೆ ಒಳ್ಳೆಯದು, ತೇಲಿದರೆ ಕಾರ್ಬೈಡ್ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ನೀರು ಕಾರ್ಬೈಡನ್ನು ಹೇಳುವುದಿಲ್ಲ. ಕೀಳುವಾಗ ಕಾಯಿ ಬಲಿತಿತ್ತೋ ಇಲ್ಲವೋ ಅಷ್ಟನ್ನೇ ಹೇಳುತ್ತದೆ. ಬಲಿತ ಕಾಯಿಗೆ ಕಾರ್ಬೈಡ್ ಇಟ್ಟರೂ ಅದು ಮುಳುಗುತ್ತದೆ. ಹಾಗಿದ್ದೂ ಈ ಪರೀಕ್ಷೆ ಎಷ್ಟೋ ಸಲ ಸರಿಯಾಗುವುದಕ್ಕೆ ಕಾರಣ, ಸೀಸನ್ ಶುರುವಿನ ರೇಟಿಗೆ ಎಳೆಯದನ್ನೇ ಕಿತ್ತು ಕಾರ್ಬೈಡ್ ಪುಡಿಕೆ ಇಡುವವರು ಇರುವುದು. ಪುಡಿಕೆಗೆ ತೇವ ತಗುಲಿ ಬರುವ ಅಸಿಟಿಲೀನ್ ಸಿಪ್ಪೆಯ ಹಸಿರನ್ನು ಒಂದೆರಡು ದಿನದಲ್ಲಿ ಕಳೆಯುತ್ತದೆ. ಎಳೆಯ ಕಾಯಿಯಲ್ಲಿ ಪಿಷ್ಟವೇ ಸಾಕಷ್ಟು ಕೂಡಿರುವುದಿಲ್ಲ, ಇದ್ದದ್ದೂ ಅಷ್ಟು ಬೇಗ ಸಕ್ಕರೆಯಾಗುವುದಿಲ್ಲ.

ಆದ್ದರಿಂದ ಒಂದು ಹಣ್ಣು ಕೊಯ್ದೇ ನೋಡಬೇಕು. ಮಾವು ಮಾಗುವುದು ಗೊರಟಿನ ಕಡೆಯಿಂದ ಹೊರಗೆ. ತಾನಾಗಿ ಮಾಗಿದ್ದರಲ್ಲಿ ಗೊರಟಿನ ಸುತ್ತ ಬಣ್ಣ ಗಾಢ, ಸಿಪ್ಪೆಯ ಹತ್ತಿರ ತುಸು ತಿಳಿ, ತೊಟ್ಟಿನ ಬಳಿ ಮೂಗಿಟ್ಟರೆ ಘಮ. ಒತ್ತಾಯದ್ದರಲ್ಲಿ ಸಿಪ್ಪೆ ಒಂದೇ ಸಮ ಹಳದಿ, ಒಳಗೆ ಬಿಳಿಚಿದ ತಿರುಳು, ಗೊರಟಿನ ಬಳಿ ಗಟ್ಟಿ ಮತ್ತು ಹುಳಿ, ವಾಸನೆಯೇ ಇಲ್ಲ. ಪೆಟ್ಟಿಗೆ ತೆರೆದ ಕೂಡಲೇ ಬೆಳ್ಳುಳ್ಳಿಯಂಥ ವಾಸನೆ ಬಂದರೆ, ಅಡಿಯಲ್ಲಿ ಬೂದುಬಿಳಿ ಪುಡಿ ಕಂಡರೆ ಅನುಮಾನ ಗಟ್ಟಿ. ಸಿಪ್ಪೆಯ ಮೇಲಿನ ತೆಳು ಬೂದಿಯಂಥ ಪೊರೆ ಮಾತ್ರ ಮಾವಿನ ಸ್ವಂತ ಮೇಣ, ಅದಕ್ಕೆ ಹೆದರಬೇಡಿ. ರಸಪುರಿ ಹಸಿರಿದ್ದೇ ಹಣ್ಣಾಗಬಹುದು, ಸೇಂದೂರ ಹುಟ್ಟಾ ಕೆಂಪು. ಬರೀ ಬಣ್ಣ ನೋಡಿ ತೀರ್ಪು ಕೊಡುವವರು ಇಲ್ಲೇ ಎಡವುವುದು.

ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಕೊಯ್ದ ಹೋಳಿನ ಮೇಲೆ ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಎರಡು ಹನಿ. ಪಿಷ್ಟ ಉಳಿದಿದ್ದರೆ ಕಪ್ಪುನೀಲಿ, ಮಾಗಿದ್ದರೆ ಅಯೋಡಿನ್ನಿನ ಕಂದೇ ಉಳಿಯುತ್ತದೆ. ಹುಲ್ಲಿನ ಹಣ್ಣುಗಳಲ್ಲಿ ಕಲೆಯೇ ಇಲ್ಲ. ಸೀಸನ್ ಶುರುವಿನಲ್ಲಿ ತಂದ ಹಳದಿ ಹಣ್ಣಿನಲ್ಲಿ ಗೊರಟಿನ ಸುತ್ತ ಮಸಿ ಬಳಿದಂತಾಯಿತು. ಇದೂ ಕಾರ್ಬೈಡಿಗೆ ಸಾಕ್ಷಿಯಲ್ಲ, ಮಾಗಿಲ್ಲ ಎಂಬುದಕ್ಕೆ ಸಾಕ್ಷಿ. ಆ ಹೋಳನ್ನು ತಿನ್ನಬಾರದು. ಇನ್ನೊಂದು ಮಾತು: ಎಥಿಲೀನ್ ಕೋಣೆಯ ಹಣ್ಣನ್ನು ಕಾರ್ಬೈಡಿನ ಸಾಲಿಗೆ ಸೇರಿಸುವುದು ಅನ್ಯಾಯ. 100 ಪಿಪಿಎಂವರೆಗೆ ಎಥಿಲೀನ್ ಅನಿಲಕ್ಕೆ ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಅನುಮತಿಯಿದೆ, ನಿಷೇಧ ಇರುವುದು ಕಾರ್ಬೈಡಿಗೆ. ಬಲಿತ ಕಾಯನ್ನು ಆ ಕೋಣೆಯಲ್ಲಿ ಇಟ್ಟರೆ ಹುಲ್ಲಿನದಕ್ಕೂ ಅದಕ್ಕೂ ನಾಲಿಗೆಗೆ ವ್ಯತ್ಯಾಸ ಹುಡುಕುವುದು ಕಷ್ಟ.

ಅಕ್ಕಿ ಡಬ್ಬದಲ್ಲೂ ಆರು ಕಾಯಿ ಹೂತಿದ್ದೆ. ಒಂದೆರಡು ದಿನ ಬೇಗ ಹಣ್ಣಾದವು, ರುಚಿಗೇನೂ ಕೊರತೆಯಿಲ್ಲ. ಹತ್ತು ಕಾಯಿ ದಾಟಿದರೆ ಡಬ್ಬ ಬಿಸಿಯಾಗುತ್ತದೆ, ಒಂದು ಒಡೆದರೆ ಅಕ್ಕಿಯೂ ಹೋಯಿತು.

ಲೆಕ್ಕ ಅಂದಾಜಿನದು: ತೋಟದಲ್ಲಿ ಕಾಯಿ ಕೆಜಿಗೆ 60ರ ಹತ್ತಿರ, 20 ಕೆಜಿಗೆ 1,200, ಹುಲ್ಲಿಗೆ 50. ಮಾಗುವಾಗ ತೂಕ ಇಳಿದು, ಕೊಳೆತದ್ದೂ ಕಳೆದು ಕೈಗೆ ಬಂದದ್ದು 17 ಕೆಜಿ. ಕೆಜಿಗೆ 74ರಷ್ಟು ಬಿತ್ತು. ಅದೇ ವಾರ ಪೇಟೆಯಲ್ಲಿ 120. ಹತ್ತನೇ ದಿನಕ್ಕೂ ಗಟ್ಟಿಯಾಗೇ ಉಳಿದ ಮೂರು ಕಾಯಿ ಗೊಜ್ಜಿಗೆ ಹೋದವು. ಕೊಯ್ದಾಗ ಒಂದೆರಡು ಹಣ್ಣಿನಲ್ಲಿ ತಿರುಳು ಬಿಳಿಚಿ ಸ್ಪಂಜಿನಂತಿತ್ತು. ಬಾದಾಮಿ ಅಂದರೆ ಆಪೂಸೇ, ಅದು ಆ ಜಾತಿಗೇ ಅಂಟಿದ ಕಾಯಿಲೆ, ಮರದಲ್ಲೇ ಅತಿಯಾಗಿ ಬಲಿತಾಗ ಹೆಚ್ಚು, ಹೊರಗಿನಿಂದ ಕಾಣುವುದಿಲ್ಲ. ಅದಕ್ಕೆ ಹುಲ್ಲನ್ನು ಬೈದವರಿಗೆ ಇನ್ನೊಂದು ಹಣ್ಣು ಕೊಯ್ದು ಕೊಟ್ಟೆ.