‘ನಾನ್ಯಾವಾಗ ಹೇಳಿದ್ದೆ?’ ಎನ್ನುವ ಯಜಮಾನರ ಕೈಕೆಳಗೆ ಬರೆದಿಡುವುದು ಹೇಗೆ?

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ನೀವು ಗುಮಾಸ್ತರು ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಯಜಮಾನರು, ‘ಆ ಇಪ್ಪತ್ತು ಚೀಲ ಚಾಲಿ ಅಡಿಕೆ ಇವತ್ತು ಟೆಂಡರಿಗೆ ಇಡೂದು ಬೇಡ, ದರ ಏರ್ತದೆ’ ಎಂದರು. ಗುರುವಾರ ದರ ಇಳಿಯಿತು. ‘ಇಡು ಅಂದಿದ್ನಲ್ಲ ಮಾರಾಯ, ಕಿವಿ ಎಲ್ಲಿತ್ತು?’ ಅದೂ ಅಡಿಕೆ ತಂದ ರೈತರ ಎದುರೇ. ಮೊದಲ ಸಲ ಸಿಟ್ಟು ಬರುತ್ತದೆ. ನಾಲ್ಕನೇ ಸಲಕ್ಕೆ, ಅವರು ‘ಇಡು’ ಅಂದದ್ದೇ ನಿಜವೇನೋ ಅನ್ನಿಸತೊಡಗುತ್ತದೆ.

ಹಾಗನ್ನಿಸುವುದು ದಡ್ಡತನವಲ್ಲ. 1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿ, ಕೆಲವರಿಗೆ ಕಾರುಗಳು ‘ತಾಗಿದಾಗ’ ವೇಗ ಎಷ್ಟಿತ್ತೆಂದೂ ಇನ್ನು ಕೆಲವರಿಗೆ ‘ಅಪ್ಪಳಿಸಿದಾಗ’ ಎಷ್ಟಿತ್ತೆಂದೂ ಕೇಳಿದರು. ವಾರ ಕಳೆದ ಮೇಲೆ, ಒಡೆದ ಗಾಜು ಕಂಡೆವು ಎಂದವರು ‘ಅಪ್ಪಳಿಸಿದ’ ಎಂಬ ಮಾತು ಕೇಳಿದವರಲ್ಲೇ ಹೆಚ್ಚು. ಆ ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ. ನಂತರ ಕಿವಿಗೆ ಬಿದ್ದ ಮಾತು ನೆನಪಿನೊಳಗೆ ಹೀಗೆ ಸೇರಿಕೊಳ್ಳುತ್ತದೆ.

ಆದ್ದರಿಂದ ಮೊದಲ ಕೆಲಸ, ಯಜಮಾನರ ಎರಡನೇ ಕಥೆ ಕೇಳುವ ಮುಂಚೆಯೇ ಬರೆಯುವುದು. ಹಾಳೆ ಕಳಚದ, ಹೊಲಿದ ಡೈರಿ ಸಾಕು. ಗಂಟೆ, ಅವರ ಬಾಯಿಂದ ಬಂದ ಮಾತು ಹಾಗೇ, ಹತ್ತಿರ ಯಾರಿದ್ದರು: ‘ಸೋಮ, 10.20. ಚಾಲಿ 20 ಚೀಲ ಇಡೂದು ಬೇಡ ಅಂದರು. ಹಮಾಲರು ತೂಕದ ಹತ್ತಿರ ಇದ್ದರು.’ ನಿಮ್ಮ ಸಿಟ್ಟನ್ನು ಬೇರೆ ಪುಟದಲ್ಲಿ ಬರೆಯಿರಿ. ಎರಡೂ ಬೆರೆತರೆ ಆಮೇಲೆ ಓದುವಾಗ ನಿಮಗೇ ನಂಬಿಕೆ ಬರುವುದಿಲ್ಲ.

ಎರಡನೆಯದು ವಾಟ್ಸ್ಆ್ಯಪ್. ಟೆಂಡರಿಗೆ ಮುಂಚೆ ಒಂದು ಸಾಲು: ‘ನೀವು ಹೇಳಿದ ಹಾಗೆ 20 ಚೀಲ ಚಾಲಿ ಇಂದು ಇಡುತ್ತಿಲ್ಲ. ಬೇರೆ ಇದ್ದರೆ ತಿಳಿಸಿ.’ ‘ದಾಖಲೆಗಾಗಿ’ ಎಂದೆಲ್ಲ ಸೇರಿಸಬೇಡಿ, ಜಗಳಕ್ಕೆ ಅದೇ ನೆಪವಾದೀತು. ನೀಲಿ ಗುರುತು ಬಂದರೆ ನೋಡಿದರು ಎಂದಷ್ಟೇ, ಒಪ್ಪಿದರು ಎಂದಲ್ಲ. ಇಂಥವರು ಬರಹದಲ್ಲಿ ಉತ್ತರಿಸದೆ ಫೋನ್ ಮಾಡುವುದೇ ಹೆಚ್ಚು. ಫೋನ್ ಇಟ್ಟ ಕೂಡಲೇ ಇನ್ನೊಂದು ಸಾಲು ಹಾಕಿ: ‘ಈಗ ಫೋನಿನಲ್ಲಿ ಹೇಳಿದಂತೆ...’ ಮೆಸೇಜು ತಾನಾಗಿ ಅಳಿಯುವ ವ್ಯವಸ್ಥೆಯನ್ನು ಅವರ ಕಡೆಯಿಂದಲೂ ಚಾಲೂ ಮಾಡಬಹುದು. ಮುಖ್ಯವಾದವುಗಳ ಸ್ಕ್ರೀನ್‌ಶಾಟ್ ಅಂದೇ ತೆಗೆಯಿರಿ.

ಗುರುವಾರ ಬಂದಾಗ ‘ಸುಳ್ಳು ಹೇಳ್ತೀರಿ’ ಎನ್ನಬೇಡಿ. ‘ಸೋಮವಾರದ ಮೆಸೇಜಿನ ಪ್ರಕಾರ ಇಟ್ಟಿಲ್ಲ. ಈಗ ಏನು ಮಾಡಲಿ?’ ಎಂದು ಕೇಳಿ, ಸುಮ್ಮನಿರಿ. ಬರೀ ಮರೆವಿನವರಾದರೆ ‘ಓ, ಹೌದಲ್ಲ’ ಎಂದು ಮುಂದಿನ ಕೆಲಸ ಹೇಳುತ್ತಾರೆ. ಇನ್ನೊಂದು ಬಗೆಯವರು ಮಾತಿನ ದಿಕ್ಕು ಬದಲಿಸುತ್ತಾರೆ: ‘ನಾ ಅಂದದ್ದು ಆ ಚಾಲಿಗಲ್ಲ’, ‘ಅಷ್ಟೂ ತಿಳಿಯದಾ?’ ಅವರನ್ನು ಡೈರಿ ತಿದ್ದುವುದಿಲ್ಲ. ಗುಮಾಸ್ತರಿಬ್ಬರೇ ಇರುವ ವಖಾರಿಯಲ್ಲಿ ದೂರು ಕೊಡಲು ಮೇಲಿನವರೂ ಇರುವುದಿಲ್ಲ.

ತಿಂಗಳಿಗೊಮ್ಮೆ ಡೈರಿ ತಿರುವಿ ಎಣಿಸಿ. ಒಂದೆರಡು ಕಡೆ ತಪ್ಪು ನಿಮ್ಮದೇ ಇದ್ದೀತು, ಅದನ್ನೂ ಬರೆಯಿರಿ. ಆರೇಳು ಸಲ ಮಾತು ತಿರುಗಿದ್ದು, ಪ್ರತಿ ಸಲವೂ ನಷ್ಟವಾದ ದಿನವೇ ಆಗಿದ್ದರೆ ಅದನ್ನು ಮರೆವು ಎನ್ನಲಾಗದು. ಅಂದಹಾಗೆ, ಡೈರಿಯನ್ನು ವಖಾರಿಯ ಡ್ರಾಯರಿನಲ್ಲಿ ಇಡಬೇಡಿ. ಸಂಜೆ ಬಸ್ಸು ಹತ್ತುವಾಗ ಊಟದ ಡಬ್ಬಿಯ ಚೀಲದಲ್ಲಿ ಅದೂ ಮನೆಗೆ ಬರಲಿ.