ಪಾಲ್, ಹಾಲು, ಆಲು: ಭಾಷೆಗಳ ವಂಶವೃಕ್ಷ ಬರೆಯುವ ಬಗೆ

ಮೊದಲು ಪದಪಟ್ಟಿ. ಅಮೆರಿಕದ ಭಾಷಾವಿಜ್ಞಾನಿ ಮೋರಿಸ್ ಸ್ವಾದೇಶ್ ಮಾಡಿದ 100 ಪದಗಳ ಪಟ್ಟಿ ಸಾಕು: ಕಿವಿ, ಹಲ್ಲು, ನೀರು, ಕಲ್ಲು, ತಿನ್ನು, ಇಂಥವು. ಅಮ್ಮ, ಅಪ್ಪಗಳನ್ನು ಸೇರಿಸಬೇಡಿ. ಮಗು ತೊದಲುವ ಮಾತು ಎಲ್ಲ ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಅದರಿಂದ ನಂಟು ಗೊತ್ತಾಗದು.

ಪದಗಳನ್ನು ನಿಘಂಟಿನಿಂದ ಇಳಿಸಿಕೊಳ್ಳದೆ ಬಾಯಿಂದ ಬರೆದುಕೊಳ್ಳಿ. ಮಂಡ್ಯದ ಹಳ್ಳಿಯಲ್ಲಿ ಅಜ್ಜಿ ‘ಆಲು’ ಅಂದರೆ ‘ಆಲು’ ಎಂದೇ ಬರೆಯಬೇಕು. ‘ಹಾಲು’ ಎಂದು ತಿದ್ದಿದಿರೋ, ಪುರಾವೆಯನ್ನೇ ಅಳಿಸಿದ ಹಾಗೆ. ಹಳಗನ್ನಡದ ಪಾಲ್, ಇಂದಿನ ಹಾಲು, ಅಜ್ಜಿಯ ಆಲು ಒಂದೇ ಹಾದಿಯ ಮೂರು ಮೈಲಿಗಲ್ಲುಗಳು: ಪಕಾರ ಹಕಾರವಾಯಿತು, ಹಕಾರವೂ ಬಿದ್ದುಹೋಯಿತು.

ಇನ್ನು ಪದಗಳನ್ನು ಎದುರುಬದುರು ಇಟ್ಟು ನೋಡಿ. ನಮ್ಮ ಹುಲಿ ತಮಿಳು, ತೆಲುಗಲ್ಲಿ ಪುಲಿ, ತುಳುವಿನಲ್ಲಿ ಪಿಲಿ. ನಮ್ಮ ಹೂ ಅಲ್ಲೆಲ್ಲ ಪಕಾರದಿಂದಲೇ ಶುರು. ಹುಡುಕಬೇಕಾದದ್ದು ಹೋಲಿಕೆಯನ್ನಲ್ಲ, ಇಂಥ ತಪ್ಪದ ಹೊಂದಿಕೆಯನ್ನು. ಐದಾರು ಪದಗಳಲ್ಲಾದರೂ ಅದೇ ಹೊಂದಿಕೆ ಮರುಕಳಿಸದಿದ್ದರೆ ಬಿಟ್ಟುಬಿಡಿ. ಎರವಲು ಪದಗಳ ಮೇಲೆ ಕಣ್ಣಿರಲಿ. ‘ಪುಸ್ತಕ’ದಲ್ಲಿ ಪಕಾರ ಉಳಿದಿರುವುದರಿಂದ ಅದು ಹೊರಗಿನದು ಎಂದು ಸುಲಭವಾಗಿ ತಿಳಿಯುತ್ತದೆ. ಆದರೆ ಅದೇ ಮೂಲದಿಂದ ಬಹಳ ಹಿಂದೆಯೇ ಬಂದ ‘ಹೊತ್ತಗೆ’, ಪೊತ್ತಗೆಯಾಗಿದ್ದಾಗಲೇ ಈ ಬದಲಾವಣೆಗೆ ಸಿಕ್ಕಿ, ಅಚ್ಚಗನ್ನಡದ ವೇಷ ಹಾಕಿ ಕೂತಿದೆ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ, ಕೊಂಬೆ ಕಟ್ಟುವಾಗ. ತಮಿಳು, ತೆಲುಗು, ತುಳು ಮೂರರಲ್ಲೂ ಪಕಾರ ಇದೆ, ಆದ್ದರಿಂದ ಅವು ಒಂದು ಕೊಂಬೆ ಎನ್ನುತ್ತಾರೆ. ತಪ್ಪು. ಪಕಾರ ಅಜ್ಜನ ಕಾಲದ ಆಸ್ತಿ. ಅದನ್ನು ಮಾರದೆ ಉಳಿಸಿಕೊಂಡ ಮಾತ್ರಕ್ಕೆ ಮೊಮ್ಮಕ್ಕಳೆಲ್ಲ ಒಂದೇ ಮನೆಯವರಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಕೂಡಿ ಮಾಡಿಕೊಂಡ ಹೊಸ ಬದಲಾವಣೆ. ನೀಲಗಿರಿಯ ಬಡಗರ ಮಾತಿನಲ್ಲೂ ಪಕಾರ ಹಕಾರವಾಗಿರುವುದು ಅದನ್ನು ಕನ್ನಡದ ಪಕ್ಕದಲ್ಲೇ ಕೂರಿಸಲು ಒಂದು ಕಾರಣ.

ಹೊಸ ಬದಲಾವಣೆಯೂ ಮೋಸ ಮಾಡುತ್ತದೆ. ನಮ್ಮ ‘ಕಿವಿ’ ತಮಿಳಲ್ಲೂ ತೆಲುಗಲ್ಲೂ ‘ಚೆವಿ’. ಮಂಡ್ಯದ ರೈತರ ಗೇಮೆಯಲ್ಲಿರುವ ‘ಗೆಯ್’ ತಮಿಳಿಗೆ ‘ಚೆಯ್’, ತೆಲುಗಿಗೆ ‘ಚೇಯು’. (ತಮಿಳಿನವರು ಇವನ್ನು ಚಕಾರದಲ್ಲಿ ಬರೆದು ಈಗ ಸಕಾರದಂತೆ ನುಡಿಯುತ್ತಾರೆ.) ಇಷ್ಟು ನೋಡಿದವರು ತಮಿಳು, ತೆಲುಗನ್ನು ಜೋಡಿ ಮಾಡಿ ಕನ್ನಡವನ್ನು ಆಚೆ ನಿಲ್ಲಿಸುತ್ತಾರೆ. ಇನ್ನೆರಡು ಪದ ನೋಡಬೇಕಿತ್ತು. ನಮ್ಮ ‘ಕೆಡು’ ತಮಿಳಲ್ಲೂ ಕಕಾರದಲ್ಲೇ ಇದೆ, ತೆಲುಗಲ್ಲಿ ‘ಚೆಡು’ ಆಗಿದೆ. ಗಿಳಿ ತಮಿಳಿಗೆ ‘ಕಿಳಿ’, ತೆಲುಗಿಗೆ ‘ಚಿಲುಕ’. ಅಂದರೆ ಇ, ಎ ಸ್ವರಗಳಿಗೆ ಮೊದಲು ಬರುವ ಕಕಾರ ಚಕಾರವಾಗುವುದು ಎರಡೂ ಕಡೆ ನಡೆದಿದ್ದರೂ, ಆ ಸ್ವರ ಆದಮೇಲೆ ಡ, ಳ ಥರದ ಮೂರ್ಧನ್ಯ ಬಂದರೆ ತಮಿಳು ಬದಲಾಗುವುದಿಲ್ಲ, ತೆಲುಗಿಗೆ ಆ ತಡೆ ಇಲ್ಲ. ನಿಯಮ ಬೇರೆ ಎಂದಮೇಲೆ ಘಟನೆಯೂ ಬೇರೆ. ನಾಲಗೆಗೆ ಈ ಜಾರು ಸಹಜ, ಪ್ರಪಂಚದ ಎಷ್ಟೋ ಭಾಷೆಗಳಲ್ಲಿ ತಾನಾಗಿ ಆಗಿದೆ. ಇಂಥದರ ಮೇಲೆ ಕೊಂಬೆ ಕಟ್ಟಬೇಡಿ.

ಅಪರೂಪದ ಬದಲಾವಣೆ ಬೇಕು. ಅದು ವ್ಯಾಕರಣದಲ್ಲಿ ಸಿಗುತ್ತದೆ. ಕನ್ನಡದಲ್ಲಿ ‘ಅವಳು ಬಂದಳು, ಬಸ್ಸು ಬಂತು’. ತಮಿಳಲ್ಲೂ ಅವಳಿಗೆ ‘ವಂದಾಳ್’, ಬಸ್ಸಿಗೆ ‘ವಂದದು’. ತೆಲುಗಲ್ಲಿ ಹೆಂಗಸಿಗೂ ಬಸ್ಸಿಗೂ ‘ವಚ್ಚಿಂದಿ’ಯೇ. ಮಧ್ಯ, ಪೂರ್ವ ಭಾರತದಲ್ಲಿ ದೂರದೂರ ಚದುರಿರುವ ನಂಟ ಭಾಷೆಗಳಾದ ಗೊಂಡಿ, ಕೊಲಾಮಿ, ಕುರುಖ್‌ಗಳೂ ಏಕವಚನದಲ್ಲಿ ಹೀಗೇ ಹೆಂಗಸನ್ನು ವಸ್ತುಗಳ ಸಾಲಿಗೆ ಸೇರಿಸುತ್ತವೆ. ಹಾಗಾಗಿ ಅದು ಹಳೆಯ ಏರ್ಪಾಟು, ‘ಅವಳ್’ ಎಂಬ ರೂಪ ಹೊಸದು. ತುಳುವಿನ ‘ಆಳ್’ ಕೂಡ ಇದರದ್ದೇ ಸಂಬಂಧಿ. ಆದ್ದರಿಂದ ಕನ್ನಡ, ತಮಿಳು, ತುಳು ಒಂದು ಕೊಂಬೆ. ತೆಲುಗು ಗೊಂಡಿ, ಒಡಿಶಾದ ಕುಯಿಗಳ ಜೊತೆ ಇನ್ನೊಂದು, ಅದಕ್ಕೆ ಆಧಾರ ಅವು ಕೂಡಿ ಮಾಡಿಕೊಂಡ ಬೇರೆ ಬದಲಾವಣೆಗಳು. ದ್ರಾವಿಡ ಭಾಷೆಗಳ ವಿದ್ವಾಂಸ ಭದ್ರಿರಾಜು ಕೃಷ್ಣಮೂರ್ತಿ ಅವರ ವರ್ಗೀಕರಣದಲ್ಲೂ ಹೀಗೇ ಇದೆ.

ಗೆರೆ ಎಳೆಯುವುದು ಐದು ನಿಮಿಷದ ಕೆಲಸ. ಒಂದೊಂದು ಕವಲಿನ ಪಕ್ಕದಲ್ಲೂ ಅದಕ್ಕೆ ಆಧಾರವಾದ ಬದಲಾವಣೆಯನ್ನು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಕವಲನ್ನೇ ಅಳಿಸಿ.

ಎಷ್ಟು ಪದ ಹೊಂದುತ್ತವೆ ಎಂದು ಶೇಕಡಾವಾರು ಎಣಿಸಿ, ಇಷ್ಟು ವರ್ಷದ ಹಿಂದೆ ಬೇರೆಯಾದವು ಎಂದು ಗುಣಿಸುವ ಅಡ್ಡದಾರಿಯೂ ಒಂದಿದೆ. ಪದಗಳು ಎಲ್ಲ ಭಾಷೆಯಲ್ಲೂ ಒಂದೇ ವೇಗದಲ್ಲಿ ಸವೆಯುವುದಿಲ್ಲವಾದ್ದರಿಂದ ಆ ಗುಣಾಕಾರ ನಿಲ್ಲದು. ಪದಗಳನ್ನು ತಾಳೆ ನೋಡಲು ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ ಬಳಸಿ, 1984ರ ಎರಡನೇ ಆವೃತ್ತಿಯೇ ಬೇಕು. ಅದರಲ್ಲಿ ‘ಹಾಲು’ ಹುಡುಕಲು ಹಕಾರಕ್ಕೆ ಹೋಗಬೇಡಿ, ಸಿಗುವುದು ಪಕಾರದಲ್ಲಿ.