ಗುಂಪು ಬಂತು, ಜನ ಬಂದರು

ತುಮಕೂರಿನಲ್ಲಿ ಸುದ್ದಿ ಡೆಸ್ಕ್‌ನಲ್ಲಿ ಕೂತು ಬೇರೆಯವರು ಕಳಿಸಿದ ವರದಿ ತಿದ್ದುವುದು ನನ್ನ ಕೆಲಸ. ತಾಲ್ಲೂಕುಗಳಿಂದ ಸಂಜೆ ಆರರಿಂದ ಒಂಬತ್ತರವರೆಗೆ ಸುದ್ದಿ ಬರುತ್ತಲೇ ಇರುತ್ತದೆ. ಒಂದೊಂದಕ್ಕೂ ಹತ್ತು ನಿಮಿಷಕ್ಕಿಂತ ಜಾಸ್ತಿ ಸಿಗುವುದಿಲ್ಲ. ಅಂಥ ಒಂದು ಹತ್ತು ನಿಮಿಷದಲ್ಲಿ ನಾನು ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ.

ಅದೊಂದು ಬೇಸಿಗೆ. ಪಾವಗಡ ಕಡೆಯ ಹಳ್ಳಿಯೊಂದರಲ್ಲಿ ಕೊಳವೆಬಾವಿ ಬತ್ತಿತ್ತು. ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯಿತಿ ಕಚೇರಿಗೆ ಹೋಗಿದ್ದರು. ಅಲ್ಲಿ ತಳ್ಳಾಟ ಆಗಿ ಗಾಜು ಒಡೆದಿದೆ ಎಂದು ವರದಿಗಾರ ಫೋನಿನಲ್ಲಿ ಹೇಳಿದ. ಅವನಿಗೂ ಅದನ್ನು ಹೇಳಿದ್ದು ಠಾಣೆಯವರು. ನಾನು ಹೆಡ್ಡಿಂಗ್ ಕೊಟ್ಟೆ: 'ಪಂಚಾಯಿತಿ ಕಚೇರಿಗೆ ನುಗ್ಗಿದ ಉದ್ರಿಕ್ತ ಗುಂಪು'. ಎರಡು ಕಾಲಂಗೆ ಚೆನ್ನಾಗಿ ಕೂತಿತ್ತು. ಅದೇ ಖುಷಿ.

ಮಾರನೇ ದಿನ ಹನ್ನೊಂದು ಗಂಟೆಗೆ ಫೋನ್ ಬಂತು. ಮೊಮ್ಮಗನ ಮೊಬೈಲಿನಿಂದ ಒಬ್ಬ ಅಜ್ಜಿ ಮಾತಾಡಿದರು. ಬೈಯಲಿಲ್ಲ, ಕೇಳಿದರು ಅಷ್ಟೇ. "ಏನಪ್ಪಾ, ನಾವೇನ್ ಗುಂಪಾ? ಗುಂಪು ಕಟ್ಕೊಂಡು ಹೊಡೆಯಕ್ ಹೋಗಿದ್ವಾ? ಕೊಡ ಹಿಡ್ಕೊಂಡು ನೀರ್ ಕೇಳಕ್ ಹೋಗಿದ್ದು ಕಣಪ್ಪ."

ಆಮೇಲೆ ವರದಿಗಾರನನ್ನು ಅಲ್ಲಿಗೇ ಕಳಿಸಿ ವಿಚಾರಿಸಿದೆ. ಬಂದಿದ್ದವರು ಸುಮಾರು 40 ಹೆಂಗಸರು. ಒಂದು ಗಂಟೆ ಜಗುಲಿ ಮೇಲೆ ಕೂತಿದ್ದರು. ನೀರುಗಂಟಿ ಬಂದ, ಮೋಟಾರು ಸುಟ್ಟಿದೆ ಎಂದ. ಪಿಡಿಒ ಎಲ್ಲಿ ಎಂದು ಕೇಳಿದ್ದಕ್ಕೆ ಒಳಗಿನವರು ಬಾಗಿಲು ಹಾಕಿಕೊಂಡರು. ಮುಂದಿದ್ದ ಇಬ್ಬರು ಬಾಗಿಲು ತಳ್ಳಿದರು, ಪಕ್ಕದ ನೋಟಿಸ್ ಬೋರ್ಡಿನ ಗಾಜು ಬಿರಿಯಿತು. ನುಗ್ಗಿದವರು ಯಾರೂ ಇಲ್ಲ. ಬಾಗಿಲು ತೆರೆದರೆ ತಾನೇ ನುಗ್ಗುವುದು!

ಅಜ್ಜಿ ಹಿಡಿದಿದ್ದು 'ಉದ್ರಿಕ್ತ'ವನ್ನಲ್ಲ, 'ಗುಂಪು' ಅನ್ನುವ ಪದವನ್ನು. ಅದು ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ನನ್ನ ಲೆಕ್ಕದಲ್ಲಿ ಅದು ಸಾದಾ ಪದ. ಶಾಲೆಯಲ್ಲಿ ಗುಂಪು ಚಟುವಟಿಕೆ ಇರುತ್ತದೆ, ಹೆಂಗಸರ ಸ್ವಸಹಾಯ ಗುಂಪು ಇರುತ್ತದೆ, ರಕ್ತಕ್ಕೂ ಗುಂಪು ಇದೆ. ಅಲ್ಲೆಲ್ಲ ಅದಕ್ಕೆ ಯಾವ ಕೆಟ್ಟ ವಾಸನೆಯೂ ಇಲ್ಲ. ಆದರೆ ಅಪರಾಧ ಸುದ್ದಿಯ ಪುಟಕ್ಕೆ ಬಂದ ಕೂಡಲೇ ಅದರ ಕೈಗೆ ದೊಣ್ಣೆ ಬಂದುಬಿಡುತ್ತದೆ.

ಕಾರಣ ಪದದಲ್ಲಿ ಅರ್ಧ, ವ್ಯಾಕರಣದಲ್ಲಿ ಅರ್ಧ ಇದೆ ಎಂದು ನನಗೆ ಆಮೇಲೆ ಹೊಳೆಯಿತು. ಈ ಎರಡು ವಾಕ್ಯ ಜೋರಾಗಿ ಓದಿ ನೋಡಿ. 'ಜನ ಬಂದರು, ಕೂಗಿದರು, ಬಾಗಿಲು ತಳ್ಳಿದರು.' 'ಗುಂಪು ಬಂತು, ಕೂಗಿತು, ಬಾಗಿಲು ತಳ್ಳಿತು.' ಕನ್ನಡದಲ್ಲಿ ಗುಂಪು ನಪುಂಸಕ. ಕ್ರಿಯಾಪದ ದನ ಬಂತು, ಗಾಳಿ ಬಂತು ಅನ್ನುವ ಹಾಗೆ ಬರುತ್ತದೆ. 'ಬಂದರು' ಎಂದಾಗ ಒಳಗೆ ಮುಖಗಳಿರುತ್ತವೆ. 'ಬಂತು' ಎಂದಾಗ ಮುಖಗಳು ಹೋಗಿ ಒಂದೇ ಮೈ ಉಳಿಯುತ್ತದೆ. 40 ಹೆಂಗಸರನ್ನು ನಾನು ಒಂದೇ ಪ್ರಾಣಿ ಮಾಡಿಬಿಟ್ಟಿದ್ದೆ. 'ತಂಡ'ವೂ ನಪುಂಸಕವೇ, ನಿಜ. ಆದರೆ ತಂಡಕ್ಕೆ ಒಬ್ಬ ಮುಖ್ಯಸ್ಥ ಇರುತ್ತಾನೆ, ಒಂದು ಕೆಲಸ ಇರುತ್ತದೆ, ಅದು ಕ್ರಿಕೆಟ್ಟಾಗಲಿ ಕಳ್ಳತನವಾಗಲಿ. ಗುಂಪಿಗೆ ಅದೂ ಇಲ್ಲ.

ತಮಾಷೆ ಏನೆಂದರೆ, ನಿಜವಾಗಿ ಗಡಸಾದ ಪದಗಳು ನಮ್ಮ ಪತ್ರಿಕೆಗಳಲ್ಲಿ ಮೆತ್ತಗಾಗಿವೆ. ವಾರಾಂತ್ಯ ಬಂದರೆ 'ನಂದಿಬೆಟ್ಟಕ್ಕೆ ಪ್ರವಾಸಿಗರ ದಂಡು' ಎಂದು ಚಿಕ್ಕಬಳ್ಳಾಪುರದ ಸುದ್ದಿ ಇರುತ್ತದೆ. ದಂಡು ಎಂದರೆ ಸೈನ್ಯ. ಅದರ ಜತೆಗೆ 'ಲಗ್ಗೆ' ಬೇರೆ, ಅದು ಕೋಟೆ ಮೇಲೆ ಬೀಳುವುದು. ಆದರೂ ಓದುವವನ ಕಣ್ಣಿಗೆ ಕಾಣುವುದು ಬೈಕು, ಮಂಜು, ಮೆಕ್ಕೆಜೋಳ. 'ಮುತ್ತಿಗೆ'ಯೂ ಹಾಗೇ. ರೈತ ಸಂಘದವರು ಕೋಲಾರದಲ್ಲಿ ಡಿಸಿ ಕಚೇರಿಗೆ ಮುತ್ತಿಗೆ ಹಾಕುತ್ತೇವೆ ಎಂದು ಮೊದಲೇ ಸುದ್ದಿಗೋಷ್ಠಿ ಕರೆದು ಹೇಳುತ್ತಾರೆ. ಗೇಟಿನವರೆಗೆ ಹೋಗುತ್ತಾರೆ, ಘೋಷಣೆ ಕೂಗುತ್ತಾರೆ, ಮನವಿ ಕೊಟ್ಟು ವಾಪಸ್ ಬರುತ್ತಾರೆ. ಇದು ಒಂದು ಬಗೆಯ ಪ್ರತಿಭಟನೆಯ ಹೆಸರು, ದಾಳಿ ಅಲ್ಲ ಎಂದು ಇಲ್ಲಿನ ಓದುಗನಿಗೆ ಗೊತ್ತು. ಹಾಗಾಗಿ 'ಮುತ್ತಿಗೆ' ಕಂಡರೆ ನಾನು ತಿದ್ದುವುದಿಲ್ಲ. 'ಜಮಾಯಿಸಿದರು' ಕಂಡರೆ ನಿಲ್ಲುತ್ತೇನೆ. ಅದರ ಹಿಂದೆಯೇ 'ಚದುರಿಸಲು ಲಘು ಲಾಠಿ ಪ್ರಹಾರ' ಬರುತ್ತದೆ, ಎರಡೂ ಒಂದೇ ಬಾಯಿಂದ ಬಂದ ಮಾತು. ಜಾತ್ರೆಗೆ ಜನ ಜಮಾಯಿಸುವುದಿಲ್ಲ, ಸೇರುತ್ತಾರೆ. ಸಾವಿನ ಮನೆಗೆ ನೆರೆಯುತ್ತಾರೆ.

ಆ ಫೋನಾದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ವರದಿಯಲ್ಲಿ ಗುಂಪು ಕಂಡರೆ ವರದಿಗಾರನಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳುತ್ತೇನೆ. ಯಾರು ಅವರು? ನೀನು ಕಣ್ಣಾರೆ ಕಂಡಿದ್ದೇನು? ಎಷ್ಟು ಜನ?

ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹೆಂಗಸರು, ಟೊಮೆಟೊ ಬೆಳೆಗಾರರು, ಪಾಲಕರು, ಗಾರ್ಮೆಂಟ್ಸ್ ಕೆಲಸದವರು ಎಂದು ಹೆಸರು ಹಾಕಿದ ಕೂಡಲೇ ಕ್ರಿಯಾಪದ ತಾನಾಗೇ 'ಬಂದರು' ಆಗುತ್ತದೆ. ಎರಡನೆಯದರಲ್ಲಿ ವಿಶೇಷಣಗಳು ಉದುರುತ್ತವೆ. 'ಆಕ್ರೋಶಗೊಂಡ' ಎಂದರೆ ಬರೆಯುವವನು ಅವರ ಪಕ್ಕ ನಿಂತಿದ್ದಾನೆ. 'ರೊಚ್ಚಿಗೆದ್ದ' ಎಂದರೆ ಎರಡು ಹೆಜ್ಜೆ ದೂರ ಇದ್ದಾನೆ. 'ಉದ್ರಿಕ್ತ' ಎಂದರೆ ಪೊಲೀಸ್ ಜೀಪಿನಲ್ಲಿ ಕೂತಿದ್ದಾನೆ. (ಇದನ್ನು 'ಉದ್ವಿಗ್ನ'ದ ಜತೆ ಕಲಸುವವರು ಬಹಳ. ಉದ್ವಿಗ್ನವಾಗುವುದು ಪರಿಸ್ಥಿತಿ, ಉದ್ರಿಕ್ತರಾಗುವುದು ಜನ.) ಮೂರನ್ನೂ ತೆಗೆದು, ಅವರು ಮಾಡಿದ್ದನ್ನು ಬರೆದರೆ ಓದುವವರಿಗೆ ಸಿಟ್ಟು ತಾನಾಗಿ ಕಾಣುತ್ತದೆ.

ಎಣಿಕೆಗೆ ಒಂದು ಹಳೇ ಉಪಾಯ ಇದೆ. ಅಮೆರಿಕದ ಬರ್ಕ್‌ಲಿಯಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತಿದ್ದ ಹರ್ಬರ್ಟ್ ಜೇಕಬ್ಸ್ 1960ರ ದಶಕದಲ್ಲಿ ಮಾಡಿದ್ದು. ಬಿಡಿಬಿಡಿಯಾಗಿ ನಿಂತ ಜನಕ್ಕೆ ತಲೆಗೆ 10 ಚದರಡಿ, ಒತ್ತಾಗಿ ನಿಂತಿದ್ದರೆ 4.5 ಚದರಡಿ, ಮೈಗೆ ಮೈ ಅಂಟಿದ್ದರೆ 2.5 ಚದರಡಿ ಎಂದು ಹಿಡಿಯುವುದು. ಒಮ್ಮೆ ಟೌನ್‌ಹಾಲ್ ಸರ್ಕಲ್ ಹತ್ತಿರದ ಒಂದು ಪ್ರತಿಭಟನೆಗೆ 'ಐದು ಸಾವಿರ ಜನಸ್ತೋಮ' ಎಂದು ವರದಿ ಬಂತು. ಫೋಟೊ ನೋಡಿದೆ. ರಸ್ತೆ 40 ಅಡಿ ಅಗಲ ಎಂದುಕೊಂಡೆ, ಜನ ನಿಂತಿದ್ದು ಸುಮಾರು 100 ಅಡಿ ಉದ್ದಕ್ಕೆ. ಅಂದರೆ 4000 ಚದರಡಿ. ಒತ್ತಾಗಿದ್ದರೂ 900 ದಾಟುವುದಿಲ್ಲ. ಮೈಗೆ ಮೈ ಅಂಟಿದರೂ 1600. ಫೋಟೊದಲ್ಲಿ ನಡುವೆ ಸ್ಕೂಟರ್ ಬೇರೆ ನಿಂತಿತ್ತು! 'ನೂರಾರು' ಎಂದು ಮಾಡಿದೆ. 'ಜನಸಾಗರ', 'ಭಕ್ತಸಾಗರ' ಎಂಬ ಪದಗಳನ್ನು ನಾನು ಜೋಪಾನವಾಗಿ ಇಟ್ಟಿರುತ್ತೇನೆ. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ಸಿದ್ಧಗಂಗೆಗೆ ಬಂದ ಜನವನ್ನು ನೋಡಿದವರಿಗೆ ಆ ಪದದ ಅಳತೆ ಗೊತ್ತು.

ಇಷ್ಟು ಹೇಳಿದ್ದರಿಂದ ನಾನು ಯಾವಾಗಲೂ ಪದ ಮೆತ್ತಗೆ ಮಾಡುತ್ತೇನೆ ಎಂದುಕೊಳ್ಳಬೇಡಿ. ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು, ಅದನ್ನೂ ನಾನು ವರ್ಷಗಟ್ಟಲೆ ಮಾಡಿದ್ದೇನೆ. 'ಕಳ್ಳನಿಗೆ ಸಾರ್ವಜನಿಕರಿಂದ ಧರ್ಮದೇಟು.' ಎಷ್ಟು ಸಲ ಈ ಹೆಡ್ಡಿಂಗ್ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಒಬ್ಬನನ್ನು ಕಂಬಕ್ಕೆ ಕಟ್ಟಿ ಹತ್ತು ಜನ ಹೊಡೆದರೆ, ಹೊಡೆದವರು 'ಸಾರ್ವಜನಿಕರು', ಹೊಡೆತಕ್ಕೆ 'ಧರ್ಮ' ಅಂತ ಹೆಸರು. ನೀರು ಕೇಳಿದ ಅಜ್ಜಿ ಗುಂಪು, ಇವರು ಸಾರ್ವಜನಿಕರು! ಸಿಕ್ಕಿಬಿದ್ದವನು ಕಳ್ಳ ಎಂದು ತೀರ್ಮಾನಿಸಿದ್ದೂ ನಾವೇ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುಳ್ಳು ಹರಿದಾಡಿತಲ್ಲ, ಆಗ ನನಗೆ ಇದು ಬಡಿಯಿತು. ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಒಬ್ಬ ಎಂಜಿನಿಯರನ್ನು ಅದೇ ಅನುಮಾನದಲ್ಲಿ ಹೊಡೆದು ಕೊಂದರು. ಅಲ್ಲಿ 'ಗುಂಪು' ಎಂದೇ ಬರೆಯಬೇಕು. 'ಗ್ರಾಮಸ್ಥರು' ಎಂದರೆ ಹೊಡೆಯದೆ ಮನೆಯಲ್ಲಿದ್ದವರನ್ನೂ ಸೇರಿಸಿದ ಹಾಗೆ. 'ಸಾರ್ವಜನಿಕರು' ಎಂದರೆ ಓದುತ್ತಿರುವ ನಿಮ್ಮನ್ನೂ ಸೇರಿಸಿದ ಹಾಗೆ. 'ಧರ್ಮದೇಟು' ಅಂದಿನಿಂದ ನನ್ನ ಕೈಯಲ್ಲಿ ಪಾಸಾಗಿಲ್ಲ. 'ಹಲ್ಲೆ' ಎಂದು ಬರೆಯುತ್ತೇನೆ.

ಕಾನೂನಿನ ಪದಗಳ ವಿಷಯ ಬೇರೆ. 'ಅಕ್ರಮ ಕೂಟ' ಎನ್ನಲು ಕನಿಷ್ಠ ಐದು ಜನ ಬೇಕು, ಕಾನೂನು ಹೇಳುವ ಕೆಲವು ಉದ್ದೇಶಗಳಲ್ಲಿ ಒಂದು ಎಲ್ಲರಿಗೂ ಸಮಾನವಾಗಿರಬೇಕು. ಅವರಲ್ಲಿ ಯಾರಾದರೂ ಆ ಉದ್ದೇಶಕ್ಕೆ ಬಲ ಬಳಸಿದರೆ ಅದು 'ದೊಂಬಿ'. ಐಪಿಸಿಯಲ್ಲಿ ಇವು 141, 146 ಆಗಿದ್ದವು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 189, 191. ಎಫ್‌ಐಆರ್‌ನಲ್ಲಿ ಆ ಸೆಕ್ಷನ್ ಇಲ್ಲದಿದ್ದರೆ ದೊಂಬಿ ಎಂದು ಬರೆಯುವುದಿಲ್ಲ. ಇದ್ದರೂ 'ದೊಂಬಿ ಆರೋಪದಡಿ ಪ್ರಕರಣ' ಎಂದಷ್ಟೇ. ಎಫ್‌ಐಆರ್ ಒಬ್ಬರ ದೂರು, ತೀರ್ಪಲ್ಲ.

ನನ್ನ ಮೂರು ಪ್ರಶ್ನೆ ಎಲ್ಲ ಸಲವೂ ನಡೆಯುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಗಲಾಟೆ ಸುದ್ದಿ ಬಂದರೆ, ವರದಿಗಾರ ಸ್ಥಳಕ್ಕೆ ಹೋಗದೆ ಇದ್ದರೆ, ಸಿಗುವುದು ಠಾಣೆಯ ಮಾತೊಂದೇ. ಆಗ ಅದನ್ನು ಠಾಣೆಯ ಬಾಯಲ್ಲೇ ಇಡುತ್ತೇನೆ: 'ಗುಂಪು ಕಲ್ಲು ತೂರಿತು ಎಂದು ಪೊಲೀಸರು ತಿಳಿಸಿದ್ದಾರೆ.' ಹೆಡ್ಡಿಂಗ್‌ನಲ್ಲಿ 'ಪೊಲೀಸರು ತಿಳಿಸಿದ್ದಾರೆ'ಗೆ ಜಾಗ ಸಿಗುವುದಿಲ್ಲ. ಆಗ ಗುಂಪನ್ನೂ ಬಿಟ್ಟು 'ಬಸ್‌ಗೆ ಕಲ್ಲು' ಎಂದು ಮುಗಿಸುತ್ತೇನೆ. ಸಪ್ಪೆ ಹೆಡ್ಡಿಂಗ್ ಎಂದು ಬೈಸಿಕೊಂಡಿದ್ದೂ ಇದೆ.

ಮೊನ್ನೆ ಮಧುಗಿರಿ ಕಡೆಯಿಂದ ಒಂದು ಬಂತು. 'ಬೈಕ್ ಕಳ್ಳನಿಗೆ ಸಾರ್ವಜನಿಕರಿಂದ ಬಿಸಿಬಿಸಿ ಕಜ್ಜಾಯ.' ಫೋನ್ ಮಾಡಿದೆ.

"ಎಷ್ಟು ಜನ ಹೊಡೆದ್ರಪ್ಪ?"

"ಆರೇಳು ಜನ ಇರ್ಬಹುದು ಸಾರ್. ವಿಡಿಯೊ ಇದೆ."

"ಬೈಕ್ ಸಿಕ್ತಾ ಅವನ ಹತ್ರ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ ಸಾರ್. ಅನುಮಾನದ ಮೇಲೆ ಹಿಡಿದಿದ್ದು."

'ಕಳ್ಳತನದ ಅನುಮಾನ: ಯುವಕನ ಮೇಲೆ ಆರೇಳು ಮಂದಿ ಹಲ್ಲೆ' ಎಂದು ಮಾಡಿ ಪುಟಕ್ಕೆ ಬಿಟ್ಟೆ.